ರಾಗಿ ಬಿತ್ತನೆಯ ಲೆಕ್ಕ ಹಸ್ತಾ ಮಳೆಯಿಂದ ಹಿಂದಕ್ಕೆ

ಕೇರಳಕ್ಕೆ ಮುಂಗಾರು ಕಾಲಿಡುವ ವಾಡಿಕೆಯ ದಿನ ಜೂನ್ 1. 2023ರಲ್ಲಿ ಅದು ಬಂದದ್ದು ಜೂನ್ 8ಕ್ಕೆ, 2024ರಲ್ಲಿ ಮೇ 30ಕ್ಕೆ, 2025ರಲ್ಲಿ ಮೇ 24ಕ್ಕೆ. ಮೂರೇ ವರ್ಷಗಳಲ್ಲಿ ಹದಿನೈದು ದಿನಗಳ ಅಂತರ. ಪ್ರತಿ ವರ್ಷವೂ ಈ ಸುದ್ದಿ ಪತ್ರಿಕೆಗಳ ಮುಖಪುಟಕ್ಕೆ ಬರುತ್ತದೆ. ಮಳೆ ಬೇಗ ಬಂತೆಂದು ಹಿಗ್ಗುವುದೂ ತಡವಾಯಿತೆಂದು ಆತಂಕಪಡುವುದೂ ಆ ದಿನದಿಂದಲೇ ಶುರುವಾಗುತ್ತದೆ. ಆದರೆ ಕೋಲಾರ, ಚಿಂತಾಮಣಿ, ಮಾಲೂರು, ಶಿರಾ ಕಡೆಯ ಖುಷ್ಕಿ ಹೊಲದಲ್ಲಿ ರಾಗಿ ಬಿತ್ತುವವನಿಗೆ ಈ ದಿನಾಂಕದಿಂದ ತಿಳಿಯುವುದು ತೀರ ಕಡಿಮೆ.

ಕಾರಣ ಸರಳವಾಗಿದೆ. ಹವಾಮಾನ ಇಲಾಖೆ ಮುಂಗಾರಿನ ಪ್ರವೇಶವನ್ನು ಘೋಷಿಸುವುದು ಮಿನಿಕಾಯ್‌ನಿಂದ ಮಂಗಳೂರಿನವರೆಗಿನ ಹದಿನಾಲ್ಕು ಮಳೆಮಾಪನ ಕೇಂದ್ರಗಳನ್ನು ನೋಡಿ. ಅವುಗಳ ಪೈಕಿ ಶೇಕಡ 60ರಷ್ಟು ಕಡೆ ಎರಡು ದಿನ ಸತತವಾಗಿ ಕನಿಷ್ಠ 2.5 ಮಿಲಿಮೀಟರ್ ಮಳೆಯಾಗಬೇಕು, ಗಾಳಿಯ ದಿಕ್ಕು, ವೇಗ ಮತ್ತು ಮೋಡದ ಲಕ್ಷಣಗಳೂ ಕೂಡಿಬರಬೇಕು. ಎಲ್ಲವೂ ಕರಾವಳಿ ಮತ್ತು ದ್ವೀಪಗಳ ಲೆಕ್ಕ. ಆ ಗಾಳಿ ಪಶ್ಚಿಮ ಘಟ್ಟವನ್ನು ಏರುವಾಗಲೇ ತನ್ನ ನೀರಿನ ಬಹುಪಾಲನ್ನು ಇಳಿಸಿಬಿಡುತ್ತದೆ. ಘಟ್ಟದ ಪೂರ್ವಕ್ಕೆ, ಮಳೆಯ ನೆರಳಿನಲ್ಲಿರುವ ಬಯಲುಸೀಮೆಗೆ ಜೂನ್‌ನಲ್ಲಿ ಸಿಗುವುದು ಹೆಚ್ಚಾಗಿ ಮೋಡ, ಗಾಳಿ ಮತ್ತು ತುಂತುರು.

ಹಾಗಾದರೆ ಇಲ್ಲಿಯ ಸಣ್ಣ ರೈತ ತನ್ನ ಬಿತ್ತನೆಯ ದಿನವನ್ನು ಎಲ್ಲಿಂದ ಎಣಿಸಬೇಕು? ಮಳೆ ಆರಂಭವಾಗುವ ದಿನದಿಂದಲ್ಲ. ಬೆಳೆಗೆ ನೀರು ಹೆಚ್ಚು ಬೇಕಾಗುವ ದಿನವನ್ನು ಮೊದಲು ಗೊತ್ತುಮಾಡಿಕೊಂಡು ಅಲ್ಲಿಂದ ಹಿಂದಕ್ಕೆ ಎಣಿಸಬೇಕು.

ಆಗ್ನೇಯ ಕರ್ನಾಟಕದ ಮಳೆಗೆ ಎರಡು ಏರುಗಳಿವೆ. ಮೊದಲನೆಯದು ಮೇ ತಿಂಗಳ ಗುಡುಗು ಮಳೆ. ಅದು ನೆಲವನ್ನು ಉಳುಮೆಗೆ ಸಡಿಲಗೊಳಿಸುತ್ತದೆ. ಅಲ್ಲಿಂದ ಮುಂದೆ ಜೂನ್, ಜುಲೈನಲ್ಲಿ ಮಳೆ ಇಳಿಮುಖ. ಆಗಸ್ಟ್‌ನಿಂದ ಮತ್ತೆ ಏರುತ್ತ ಹೋಗಿ ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಎರಡನೆಯ ಏರು ಬರುತ್ತದೆ. ಬೆಂಗಳೂರಿನ ಹಲವು ದಶಕಗಳ ಸರಾಸರಿ ನೋಡಿದರೆ ಸೆಪ್ಟೆಂಬರ್ ಒಂದರಲ್ಲೇ 200 ಮಿ.ಮೀ. ಆಸುಪಾಸು ಮಳೆ ಬೀಳುತ್ತದೆ, ಜೂನ್‌ನಲ್ಲಿ ಬೀಳುವುದು ಸುಮಾರು ಅದರರ್ಧ. ನವೆಂಬರ್ ನಡುಭಾಗಕ್ಕೆ ಮಳೆ ಬಹುಮಟ್ಟಿಗೆ ಹಿಂದೆ ಸರಿದಿರುತ್ತದೆ. ಇಡೀ ವರ್ಷದಲ್ಲಿ ಹೆಚ್ಚು ನಂಬಬಹುದಾದ ಮಳೆ ಬರುವುದು ಸೆಪ್ಟೆಂಬರ್ ನಡುವಿನಿಂದ ಅಕ್ಟೋಬರ್ 10ರವರೆಗಿನ ಮೂರೂವರೆ ವಾರಗಳಲ್ಲಿ. ಮಳೆ ನಕ್ಷತ್ರಗಳ ಲೆಕ್ಕದಲ್ಲಿ ಹೇಳುವುದಾದರೆ ಉತ್ತರೆ ಮತ್ತು ಹಸ್ತಾ.

ಇನ್ನು ರಾಗಿಯ ಕಡೆಯಿಂದ ನೋಡೋಣ. ಮೊಳೆತು ಮೂರು ವಾರ ಕಳೆದ ರಾಗಿ ಪೈರು ಬರವನ್ನು ಗಟ್ಟಿಯಾಗಿ ತಾಳಿಕೊಳ್ಳುತ್ತದೆ. ಹದಿನೈದು ದಿನ ಮಳೆ ಕೈಕೊಟ್ಟರೆ ಬಾಡಿದಂತೆ ಕಂಡರೂ ಒಂದು ಹದ ಮಳೆಗೆ ಮತ್ತೆ ತೆಂಡೆ ಒಡೆಯುತ್ತದೆ. ಆದರೆ ತೆನೆ ಹೊರಡುವ ಹೊತ್ತಿನಲ್ಲಿ, ಆ ಬಳಿಕ ಕಾಳು ಹಾಲುಗಟ್ಟುವ ಎರಡು ಮೂರು ವಾರಗಳಲ್ಲಿ ನೆಲ ಒಣಗಿದರೆ ಆ ನಷ್ಟ ಮತ್ತೆ ತುಂಬಿಬರುವುದಿಲ್ಲ. ಪೈರು ಹಸಿರಾಗಿಯೇ ಇರುತ್ತದೆ, ತೆನೆಯೂ ಬರುತ್ತದೆ, ಕಣದಲ್ಲಿ ತೂರುವಾಗ ಮಾತ್ರ ಅರ್ಧ ಜೊಳ್ಳು ಹಾರಿಹೋಗುತ್ತದೆ.

ಇದರ ಜೊತೆಗೆ ಇನ್ನೊಂದು ಸಂಗತಿ ತಿಳಿದರೆ ಲೆಕ್ಕ ಕೈಗೆ ಸಿಕ್ಕಂತೆಯೇ. ತೆನೆ ಹೊರಟ ಮೇಲೆ ರಾಗಿ ಮಾಗಲು ತೆಗೆದುಕೊಳ್ಳುವುದು ಸುಮಾರು 35ರಿಂದ 40 ದಿನ. ತಳಿ ಯಾವುದಾದರೂ ಈ ಅವಧಿ ಹೆಚ್ಚುಕಡಿಮೆ ಅಷ್ಟೇ. ದೀರ್ಘಾವಧಿ ತಳಿಗೂ ಅಲ್ಪಾವಧಿ ತಳಿಗೂ ಇರುವ ವ್ಯತ್ಯಾಸವೆಲ್ಲ ತೆನೆ ಹೊರಡುವುದಕ್ಕಿಂತ ಮುಂಚಿನ ದಿನಗಳಲ್ಲಿದೆ. ಆದ್ದರಿಂದ ತಳಿಯ ಒಟ್ಟು ಅವಧಿಯಲ್ಲಿ 38 ಕಳೆದರೆ ಬಿತ್ತಿದ ಎಷ್ಟನೇ ದಿನಕ್ಕೆ ತೆನೆ ಬರುತ್ತದೆಂಬುದು ಸಾಕಷ್ಟು ಸರಿಯಾಗಿ ಸಿಗುತ್ತದೆ.

ಅವಧಿಯನ್ನು ಆರಿಸಿಕೊಳ್ಳುವ ಅನುಕೂಲ ರೈತನಿಗೆ ಒದಗಿದ್ದು ತಳಿ ಅಭಿವೃದ್ಧಿಯ ದೊಡ್ಡ ದುಡಿಮೆಯಿಂದ. ಮಂಡ್ಯದಲ್ಲಿ ಸಿ.ಎಚ್. ಲಕ್ಷ್ಮಣಯ್ಯನವರು ಭಾರತದ ಮತ್ತು ಆಫ್ರಿಕದ ರಾಗಿಗಳನ್ನು ಸಂಕರಗೊಳಿಸಿ ಇಂಡಾಫ್ ತಳಿಗಳನ್ನು ಕೊಟ್ಟರು. ಜನ ಅವರನ್ನು ರಾಗಿ ಬ್ರಹ್ಮ ಎಂದೇ ಕರೆದರು. ಅನಂತರ ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಕೆಲಸದಿಂದ ಜಿಪಿಯು ಮತ್ತು ಎಂಎಲ್ ಸಾಲಿನ ತಳಿಗಳು ಬಂದವು. ಇವತ್ತು ರೈತನ ಮುಂದಿರುವ ಆಯ್ಕೆಯನ್ನು ಮೂರು ಗುಂಪಾಗಿ ನೋಡಬಹುದು. ಎಂಆರ್-1, ಎಂಆರ್-6ರಂಥವು 120ರಿಂದ 125 ದಿನದ ದೀರ್ಘಾವಧಿ ತಳಿಗಳು. ಬೆಂಕಿ ರೋಗವನ್ನು ಚೆನ್ನಾಗಿ ತಡೆದುಕೊಳ್ಳುವ ಜಿಪಿಯು-28 ಮಧ್ಯಮಾವಧಿಯದು, 110ರಿಂದ 115 ದಿನ. ಎಂಎಲ್-365 ಅದಕ್ಕಿಂತ ಕೊಂಚ ಬೇಗ ಬರುತ್ತದೆ. ಜಿಪಿಯು-48ರಂಥ ಅಲ್ಪಾವಧಿ ತಳಿಗಳು 95ರಿಂದ 100 ದಿನಕ್ಕೆ ಕುಯಿಲಿಗೆ ಬರುತ್ತವೆ.

ಈಗ ಮಾಲೂರಿನ ಕಡೆಯ ಎರಡು ಎಕರೆ ಕೆಂಪು ಮಣ್ಣಿನ ಹೊಲವೊಂದನ್ನು ಲೆಕ್ಕಕ್ಕೆ ತೆಗೆದುಕೊಳ್ಳೋಣ. ಕೊಳವೆಬಾವಿ ಇಲ್ಲ, ಮಳೆಯೇ ಗತಿ. ಬಿತ್ತನೆ ಹದ ಜುಲೈ 1ಕ್ಕೆ ಸಿಕ್ಕಿತು ಎಂದುಕೊಳ್ಳಿ. 125 ದಿನದ ತಳಿ ಬಿತ್ತಿದರೆ 87ನೇ ದಿನ, ಅಂದರೆ ಸೆಪ್ಟೆಂಬರ್ 26ರ ಹೊತ್ತಿಗೆ ತೆನೆ ಹೊರಡುತ್ತದೆ. ಉತ್ತರೆ ಮುಗಿದು ಹಸ್ತಾ ಹುಟ್ಟುವ ಸಮಯ. ಕುಯಿಲು ನವೆಂಬರ್ 3ರ ಸುಮಾರಿಗೆ. ಇದಕ್ಕಿಂತ ಒಳ್ಳೆಯ ಹೊಂದಾಣಿಕೆ ಸಿಗಲಾರದು. ದೀರ್ಘಾವಧಿ ತಳಿ ತನ್ನ ಹೆಚ್ಚುವರಿ ದಿನಗಳಲ್ಲಿ ತೆಂಡೆಯನ್ನೂ ಹುಲ್ಲನ್ನೂ ಹೆಚ್ಚು ಕೊಡುವುದರಿಂದ ಮನೆಯಲ್ಲಿ ಎರಡು ಹಸು ಇದ್ದರೆ ಅದೂ ಲಾಭವೇ.

ಹದ ಸಿಕ್ಕಿದ್ದು ಜುಲೈ 20ಕ್ಕಾದರೆ? ಅದೇ ದೀರ್ಘಾವಧಿ ತಳಿಯ ತೆನೆ ಅಕ್ಟೋಬರ್ 15ಕ್ಕೆ ಹೋಗುತ್ತದೆ. ಕಾಳು ಗಟ್ಟಿಯಾಗುವ ಕಾಲ ನವೆಂಬರ್‌ನ ಒಣ ದಿನಗಳಿಗೆ ಸಿಕ್ಕಿಕೊಳ್ಳುತ್ತದೆ. ಇಲ್ಲಿ ಜಿಪಿಯು-28 ಹಿಡಿಯಬೇಕು. ಅದರ ತೆನೆ ಅಕ್ಟೋಬರ್ 5ಕ್ಕೆ, ಕುಯಿಲು ನವೆಂಬರ್ 12ಕ್ಕೆ.

ಆಗಸ್ಟ್ 5ಕ್ಕೆ ತಳಿಯ ಆಯ್ಕೆ ಬೆಳೆಯ ಹಣೆಬರಹವನ್ನೇ ತೀರ್ಮಾನಿಸುತ್ತದೆ. ಅಂದು ಹಳೆಯ ನಂಬಿಕೆಯ ಮೇಲೆ 125 ದಿನದ ಬೀಜವನ್ನೇ ಬಿತ್ತಿದವನ ತೆನೆ ಅಕ್ಟೋಬರ್ ಕೊನೆಯ ದಿನ ಹೊರಡುತ್ತದೆ. ಮಾಗುವುದು ಡಿಸೆಂಬರ್ 8ಕ್ಕೆ, ಚಳಿಗೆ ಇನ್ನೂ ನಿಧಾನವಾದೀತು. ಅದೇ ದಿನ, ಬದುವಿನ ಆಚೆ ಜಿಪಿಯು-48 ಬಿತ್ತಿದವನ ತೆನೆ ಅಕ್ಟೋಬರ್ 6ಕ್ಕೆ ಹಸ್ತಾ ಮಳೆಯಲ್ಲೇ ಹೊರಟು, ನವೆಂಬರ್ 13ಕ್ಕೆ ಕುಯಿಲಿಗೆ ಬರುತ್ತದೆ. ಒಂದೇ ಮಳೆ, ಒಂದೇ ಮಣ್ಣು, ಒಂದೇ ದಿನದ ಬಿತ್ತನೆ. ಎರಡು ಹೊಲಗಳ ನಡುವೆ ಬಂದ ಅಂತರ ಬೀಜದ ಚೀಲದ ಮೇಲಿನ ದಿನಗಳ ಲೆಕ್ಕದ್ದು ಮಾತ್ರ.

ಅಲ್ಪಾವಧಿ ತಳಿಯನ್ನೇ ಸದಾ ಬಿತ್ತಿದರೆ ಅಪಾಯವೇ ಇಲ್ಲವಲ್ಲ ಎಂದು ಯಾರಿಗಾದರೂ ಅನ್ನಿಸಬಹುದು. ಜೂನ್ 10ಕ್ಕೆ ಒಳ್ಳೆಯ ಮಳೆಯಾಯಿತೆಂದು 95 ದಿನದ ರಾಗಿ ಬಿತ್ತಿದರೆ ಅದು ಆಗಸ್ಟ್ ಮೊದಲ ವಾರ ತೆನೆ ಬಿಟ್ಟು ಸೆಪ್ಟೆಂಬರ್ 13ಕ್ಕೆ ಮಾಗುತ್ತದೆ. ಅದು ವರ್ಷದ ಅತಿ ಹೆಚ್ಚು ಮಳೆಯ ತಿಂಗಳು. ಮಾಗಿದ ತೆನೆ ನೆನೆದು ಕಾಳು ಕಪ್ಪಾಗುತ್ತದೆ, ತೆನೆಯಲ್ಲೇ ಮೊಳಕೆ ಬರುತ್ತದೆ, ಕುಯ್ದರೂ ಒಣಗಿಸಲು ಬಿಸಿಲಿರುವುದಿಲ್ಲ. ಹುಲ್ಲೂ ಕೊಳೆಯುತ್ತದೆ. ಬೇಗ ಬಿತ್ತಿದವನು ಬುದ್ಧಿವಂತ ಎಂಬ ಮಾತು ಈ ಸೀಮೆಯ ರಾಗಿಗೆ ಅರ್ಧ ಮಾತ್ರ ನಿಜ.

ಈ ಲೆಕ್ಕವನ್ನು ಹಳ್ಳಿಯ ಹಿರಿಯರು ದಿನಾಂಕಗಳಲ್ಲಿ ಹೇಳುವುದಿಲ್ಲ, ಮಳೆಗಳ ಹೆಸರಿನಲ್ಲಿ ಹೇಳುತ್ತಾರೆ. ಅಶ್ವಿನಿ, ಭರಣಿ, ಕೃತ್ತಿಕೆಯಿಂದ ಸ್ವಾತಿ, ವಿಶಾಖೆಯವರೆಗಿನ ಈ ಪಟ್ಟಿ ಸೂರ್ಯ ಆಯಾ ನಕ್ಷತ್ರವನ್ನು ಪ್ರವೇಶಿಸುವ ದಿನಗಳನ್ನು ಆಧರಿಸಿದೆ. ಒಂದೊಂದು ಮಳೆಗೆ ಹದಿಮೂರು, ಹದಿನಾಲ್ಕು ದಿನ. ಯುಗಾದಿ, ಗಣೇಶನ ಹಬ್ಬಗಳು ಚಂದ್ರನ ತಿಥಿಯನ್ನು ಹಿಡಿದು ವರ್ಷದಿಂದ ವರ್ಷಕ್ಕೆ ಹಿಂದೆ ಮುಂದೆ ಸರಿಯುತ್ತವೆ. ಮಳೆ ನಕ್ಷತ್ರಗಳು ಹಾಗೆ ಸರಿಯುವುದಿಲ್ಲ. ರೋಹಿಣಿ ಮೇ 25ರ ಆಸುಪಾಸು, ಆರಿದ್ರಾ ಜೂನ್ 22, ಪುನರ್ವಸು ಜುಲೈ 6, ಪುಷ್ಯ ಜುಲೈ 20, ಆಶ್ಲೇಷ ಆಗಸ್ಟ್ 3, ಮಖೆ ಆಗಸ್ಟ್ 17. ಒಂದು ದಿನ ಹೆಚ್ಚುಕಡಿಮೆ ಪ್ರತಿ ವರ್ಷವೂ ಇದೇ. ಋತುವೂ ಸೂರ್ಯನನ್ನೇ ಅನುಸರಿಸುವುದರಿಂದ ಬೇಸಾಯಕ್ಕೆ ಈ ಪಟ್ಟಿ ಹಬ್ಬದ ಪಂಚಾಂಗಕ್ಕಿಂತ ಬಹಳ ಹೆಚ್ಚು ಉಪಯುಕ್ತ.

ಮೇಲಿನ ಲೆಕ್ಕವನ್ನು ಮಳೆಗಳ ಹೆಸರಿನಲ್ಲಿ ಹೇಳಿದರೆ ನೆನಪಿಟ್ಟುಕೊಳ್ಳುವುದು ಸುಲಭ. ಆರಿದ್ರಾದಲ್ಲಿ, ಪುನರ್ವಸುವಿನ ಮೊದಲರ್ಧದಲ್ಲಿ ಹದ ಸಿಕ್ಕರೆ ದೀರ್ಘಾವಧಿ ತಳಿ. ಅಲ್ಲಿಂದ ಪುಷ್ಯ ಮುಗಿಯುವವರೆಗೆ ಮಧ್ಯಮಾವಧಿ. ಆಶ್ಲೇಷದಲ್ಲಿ ಅಲ್ಪಾವಧಿ. ಮಖೆ ಮಳೆಗೂ ಹೊಲ ಖಾಲಿ ಇದ್ದರೆ ರಾಗಿಯ ಕೂರಿಗೆ ಹೂಡುವ ಮುನ್ನ ಎರಡು ಸಲ ಯೋಚಿಸಬೇಕು.

ಹದ ಎಂದು ಮತ್ತೆ ಮತ್ತೆ ಹೇಳಿದ್ದಾಯಿತು. ಅದನ್ನು ಅಳೆಯುವುದು ಹೇಗೆ? ಸಣ್ಣ ರೈತನಿಗೆ ಹೆಚ್ಚು ನಷ್ಟವಾಗುವುದು ಇಲ್ಲೇ. ಜೂನ್‌ನಲ್ಲಿ ಒಂದು ಸಂಜೆ ಜೋರು ಮಳೆ ಬರುತ್ತದೆ, ಊರೆಲ್ಲ ಬಿತ್ತುತ್ತದೆ, ಆಮೇಲೆ ಹದಿನೈದು ದಿನ ಬರೀ ಗಾಳಿ. ಮೊಳೆತ ಎಳೆ ಪೈರಿಗೆ ಇನ್ನೂ ಬೇರು ಇಳಿದಿರುವುದಿಲ್ಲ. ಬೀಜ, ಗೊಬ್ಬರ, ಟ್ರ್ಯಾಕ್ಟರ್ ಬಾಡಿಗೆ ಎಲ್ಲ ಎರಡನೆಯ ಸಲ ತೆರಬೇಕಾಗುತ್ತದೆ. ಹವಾಮಾನ ವಿಜ್ಞಾನಿಗಳು ಬೇಸಾಯದ ದೃಷ್ಟಿಯಿಂದ ಮಳೆಗಾಲದ ಆರಂಭವನ್ನು ಗುರುತಿಸುವಾಗ ಈ ಅಪಾಯವನ್ನೂ ಲೆಕ್ಕಕ್ಕೆ ಸೇರಿಸುತ್ತಾರೆ: ಒಂದೆರಡು ದಿನದಲ್ಲಿ 20 ಮಿ.ಮೀ. ಮಳೆ ಬಿದ್ದರೆ ಸಾಲದು, ಅದರ ನಂತರದ ಒಂದು ತಿಂಗಳಲ್ಲಿ ಹತ್ತು ದಿನಕ್ಕಿಂತ ಉದ್ದದ ಒಣ ಅವಧಿ ಇರಕೂಡದು.

ಮುಂದಿನ ತಿಂಗಳನ್ನು ಯಾರೂ ನೋಡಿ ಬಂದಿಲ್ಲ, ಆದರೆ ನೆಲವನ್ನು ನೋಡಬಹುದು. ನೇರ ಗೋಡೆಯ ಡಬ್ಬವೊಂದನ್ನು ಮರದ ನೆರಳಿಲ್ಲದ ಕಡೆ ಇಟ್ಟು, ಮಳೆ ನಿಂತ ಮೇಲೆ ಶಾಲೆಯ ಮಕ್ಕಳ ಸ್ಕೇಲಿನಲ್ಲಿ ಅಳೆದರೆ ಅದೇ ಮಳೆಯ ಪ್ರಮಾಣ. ಎರಡು ಮೂರು ದಿನದಲ್ಲಿ 20ರಿಂದ 25 ಮಿ.ಮೀ. ಕೂಡಿರಬೇಕು. ಬಳಿಕ ಹೊಲದ ಮೂರು ನಾಲ್ಕು ಕಡೆ ಹಾರೆಯಿಂದ ಅಗೆದು ನೋಡಬೇಕು. ಒಂದು ಗೇಣು ಆಳದವರೆಗೆ ಮಣ್ಣು ಹಸಿಯಾಗಿ, ಹಿಡಿದು ಅದುಮಿದರೆ ಉಂಡೆಯಾಗಿ, ಕೈಬಿಟ್ಟು ಬೀಳಿಸಿದರೆ ಒಡೆದರೆ ಅದು ಬಿತ್ತನೆ ಹದ. ಮೇಲೆ ಎರಡು ಬೆರಳು ಮಾತ್ರ ನೆನೆದು ಕೆಳಗೆ ಒಣ ಮಣ್ಣಿದ್ದರೆ ಬಿತ್ತಕೂಡದು. ಬೀಜ ಮೊಳೆಯಲು ಆ ತೇವ ಸಾಕು, ಬದುಕಲು ಸಾಲದು. ಕೆಂಪು ಮಣ್ಣಿನಲ್ಲಿ ಇನ್ನೊಂದು ತೊಂದರೆಯಿದೆ. ಬಿತ್ತಿದ ಮರುದಿನ ಬಿರುಮಳೆಯಾಗಿ ಕೂಡಲೇ ಬಿಸಿಲು ಬಿದ್ದರೆ ಮೇಲ್ಮಣ್ಣು ಗಟ್ಟಿ ಪದರವಾಗುತ್ತದೆ. ರಾಗಿಯಂಥ ಸಣ್ಣ ಬೀಜದ ಮೊಳಕೆ ಅದನ್ನು ಒಡೆದು ಮೇಲೆ ಬರಲಾರದು. ಆದ್ದರಿಂದಲೇ ಬೀಜ ಎರಡು ಮೂರು ಸೆಂಟಿಮೀಟರ್‌ಗಿಂತ ಆಳಕ್ಕೆ ಹೋಗಬಾರದು.

ಕೂರಿಗೆಯಲ್ಲಿ ಬಿತ್ತಲು ಎಕರೆಗೆ ಸುಮಾರು 4 ಕಿಲೋ ಬೀಜ ಬೇಕು. ನಾಟಿಗಾದರೆ 2 ಕಿಲೋ ಸಾಕು. ಆಗಸ್ಟ್‌ವರೆಗೂ ಮಳೆ ಆಟವಾಡಿಸುವ ವರ್ಷಗಳಲ್ಲಿ ನಾಟಿ ರಾಗಿ ದೊಡ್ಡ ಆಸರೆ. ನೆರೆಯವರ ಬಾವಿಯ ಪಕ್ಕವೋ ಕೃಷಿ ಹೊಂಡದ ಪಕ್ಕವೋ ಜುಲೈ ನಡುಭಾಗದಲ್ಲಿ ಒಟ್ಲು ಬಿಟ್ಟುಕೊಂಡರೆ ಹೊಲ ಒಣಗಿದ್ದರೂ ಪೈರಿನ ಆಯುಸ್ಸು ಅಲ್ಲಿ ಓಡುತ್ತಿರುತ್ತದೆ. 21ರಿಂದ 25 ದಿನದ ಪೈರನ್ನು ಆಗಸ್ಟ್ ಎರಡನೆಯ ವಾರದ ಮಳೆಗೆ ನಾಟಿ ಮಾಡಿದರೆ ಮೂರು ವಾರ ಉಳಿಸಿದಂತಾಯಿತು. ಕಿತ್ತು ನೆಟ್ಟ ಪೈರು ಚೇತರಿಸಿಕೊಳ್ಳಲು ಒಂದು ವಾರ ಹಿಡಿಯುವುದರಿಂದ ನಿಜವಾದ ಉಳಿತಾಯ ಸುಮಾರು ಎರಡು ವಾರ. ಆ ಎರಡು ವಾರದಲ್ಲಿ ಜಿಪಿಯು-28ರ ತೆನೆ ಮತ್ತೆ ಹಸ್ತಾ ಮಳೆಯ ಸಮೀಪಕ್ಕೆ ಬರುತ್ತದೆ. ಒಟ್ಲಿನಲ್ಲಿ ಪೈರು ಬಲಿತುಹೋದರೆ ಮಾತ್ರ ತೆಂಡೆ ಕಟ್ಟುವುದು ಕಡಿಮೆಯಾಗುತ್ತದೆ. ಜಾಣರು ಹತ್ತು ಹನ್ನೆರಡು ದಿನದ ಅಂತರದಲ್ಲಿ ಎರಡು ಮಡಿ ಬಿಡುವುದು ಇದಕ್ಕೇ. ಮೊದಲ ಮಡಿಯ ಪೈರು ಬಲಿತರೆ ದನಕ್ಕೆ ಹಾಕಿ, ಎರಡನೆಯದನ್ನು ನಾಟಿಗೆ ಇಟ್ಟುಕೊಳ್ಳುತ್ತಾರೆ.

ಮೇ ತಿಂಗಳ ಮಳೆಯನ್ನು ಏನು ಮಾಡಬೇಕೆಂಬ ಪ್ರಶ್ನೆಗೂ ಇಲ್ಲೇ ಉತ್ತರವಿದೆ. ಭರಣಿ, ಕೃತ್ತಿಕೆ ಚೆನ್ನಾಗಿ ಸುರಿದ ವರ್ಷ ಎಳ್ಳನ್ನೋ ಅಲಸಂದೆಯನ್ನೋ ಬಿತ್ತಿ, ಜುಲೈ ಕೊನೆಯೊಳಗೆ ಮನೆಗೆ ತಂದು, ಅದೇ ನೆಲಕ್ಕೆ ಆಗಸ್ಟ್‌ನಲ್ಲಿ ರಾಗಿ ನಾಟಿ ಮಾಡುವ ಪದ್ಧತಿಯಿದೆ. ಎರಡು ಎಕರೆಯಲ್ಲಿ ಒಂದು ಎಕರೆಗೆ ಇದನ್ನು ಮಾಡಿ, ಇನ್ನೊಂದನ್ನು ಆರಿದ್ರಾ ಮಳೆಯ ದೀರ್ಘಾವಧಿ ರಾಗಿಗೆ ಉಳಿಸಿಕೊಂಡರೆ ಒಂದೇ ಒಣ ಅವಧಿಗೆ ಇಡೀ ಹೊಲ ಸಿಕ್ಕಿಕೊಳ್ಳುವುದಿಲ್ಲ. ರಾಗಿಯ ನಡುವೆ ಹಾಕುವ ಅಕ್ಕಡಿ ಸಾಲಿನ ಅವರೆ, ತೊಗರಿಯೂ ಇದೇ ಕೆಲಸ ಮಾಡುತ್ತವೆ. ರಾಗಿ ಕುಯಿಲಾದ ಮೇಲೂ ಅವು ಹೊಲದಲ್ಲಿ ನಿಂತು, ಆಳಕ್ಕಿಳಿದ ಬೇರಿನಿಂದ ತಳದ ತೇವವನ್ನು ಎಳೆದುಕೊಂಡು, ಇಬ್ಬನಿಯ ದಿನಗಳಲ್ಲಿ ಕಾಯಿ ಕಟ್ಟುತ್ತವೆ. ತೆನೆ ಹೊರಡುವಾಗ ಮಳೆ ತಪ್ಪಿ ರಾಗಿ ಜೊಳ್ಳಾದ ವರ್ಷವೂ ಅಕ್ಕಡಿ ಸಾಲು ಏನನ್ನಾದರೂ ಕೊಟ್ಟೇ ಕೊಡುತ್ತದೆ.

ಮಖೆ ಮಳೆಗೂ ಬಿತ್ತಲಾಗದ ಹೊಲಕ್ಕೆ ರಾಗಿಯ ಆಸೆ ಬಿಡುವುದೇ ಸರಿ. ಆಗಸ್ಟ್ ಕೊನೆಯವರೆಗೆ ಹುಚ್ಚೆಳ್ಳು ಬಿತ್ತಬಹುದು. ಸೆಪ್ಟೆಂಬರ್‌ಗೆ ಹುರುಳಿಯೇ ಗತಿ. ಹುರುಳಿಯನ್ನು ಕೈಸೋತವನ ಬೆಳೆ ಎಂದು ಹೀಗಳೆಯುವುದುಂಟು. ಆದರೆ ಹಸ್ತಾ, ಚಿತ್ತಾ ಮಳೆಯ ತೇವದಲ್ಲೇ ಬೆಳೆದು ಕಾಳನ್ನೂ ಹೊಟ್ಟನ್ನೂ ಕೊಡುವ ಬೆಳೆ ಅದು, ತಡವಾದ ವರ್ಷಕ್ಕೆಂದೇ ಹೇಳಿಮಾಡಿಸಿದಂಥದ್ದು. ಸೆಪ್ಟೆಂಬರ್‌ನಲ್ಲಿ ಹಟ ಹಿಡಿದು ಬಿತ್ತಿದ ರಾಗಿಗಿಂತ ಅದೇ ದಿನ ಬಿತ್ತಿದ ಹುರುಳಿ ಮನೆಗೆ ಹೆಚ್ಚು ತರುತ್ತದೆ.

ಈ ಲೆಕ್ಕ ಎಲ್ಲ ಕಡೆಗೂ ಒಗ್ಗುವುದಿಲ್ಲ. ವಿಜಯಪುರದ ಕಪ್ಪು ಎರೆ ನೆಲದಲ್ಲಿ ಸೆಪ್ಟೆಂಬರ್, ಅಕ್ಟೋಬರ್‌ನ ಮಳೆಯನ್ನು ಮಣ್ಣು ಹೀರಿ ಹಿಡಿದಿಟ್ಟುಕೊಳ್ಳುತ್ತದೆ. ಅಲ್ಲಿ ಬಿಳಿಜೋಳವನ್ನು ಆ ಮಳೆಯ ಕೊನೆಗೆ ಬಿತ್ತಿ, ಮಳೆಯಿಲ್ಲದ ಚಳಿಗಾಲದಲ್ಲಿ ಮಣ್ಣಿನ ತೇವದಿಂದಲೇ ಬೆಳೆಯುತ್ತಾರೆ. ಕೋಲಾರದ ಕೆಂಪು ಮರಳು ಮಣ್ಣಿಗೆ ನೀರನ್ನು ಅಷ್ಟು ದಿನ ಹಿಡಿದಿಡುವ ಶಕ್ತಿಯಿಲ್ಲ. ಅದಕ್ಕೇ ಇಲ್ಲಿ ತೆನೆಯೂ ಮಳೆಯೂ ಒಟ್ಟಿಗೆ ಬರಬೇಕು.

ಸರಾಸರಿಯೇ ಕೈಕೊಡುವ ವರ್ಷಗಳೂ ಬರುತ್ತವೆ. 2023ರ ಆಗಸ್ಟ್ ದೇಶದಲ್ಲಿ 1901ರಿಂದೀಚೆಗೆ ಅತಿ ಕಡಿಮೆ ಮಳೆಯ ಆಗಸ್ಟ್ ಆಯಿತು. ಕರ್ನಾಟಕ 223 ತಾಲ್ಲೂಕುಗಳನ್ನು ಬರಪೀಡಿತವೆಂದು ಘೋಷಿಸಿತು. ಅಂಥ ವರ್ಷದಲ್ಲಿ ಯಾವ ತಳಿಯ ಯಾವ ಲೆಕ್ಕವೂ ಪೂರ್ತಿ ಬೆಳೆಯನ್ನು ಉಳಿಸಲಾರದು. ತೆನೆ ಹೊರಡುವ ಹೊತ್ತಿಗೆ ಕೃಷಿ ಹೊಂಡದಿಂದ ಒಂದು ಸಲ ನೀರು ಹಾಯಿಸಲು ಸಾಧ್ಯವಾದರೆ ಅಷ್ಟು ಉಳಿಯುತ್ತದೆ. ಹೊಂಡದ ನೀರನ್ನು ಆಗಸ್ಟ್‌ನಲ್ಲಿ ಎಳೆ ಪೈರಿಗೆ ಖರ್ಚು ಮಾಡದೆ ಸೆಪ್ಟೆಂಬರ್ ಕೊನೆಗೆಂದು ಕಾದಿಡಬೇಕು.

ಇಷ್ಟೆಲ್ಲ ಲೆಕ್ಕ ಗೊತ್ತಿದ್ದೂ ಸೋಲುವುದು ಹೆಚ್ಚಾಗಿ ಒಂದೇ ಕಡೆ. ಮಳೆ ಬಿದ್ದ ಮರುದಿನ ರೈತ ಸಂಪರ್ಕ ಕೇಂದ್ರದ ಮುಂದೆ ಸಾಲು ನಿಂತಾಗ ಬೇಕಾದ ಅವಧಿಯ ಬೀಜ ಮುಗಿದಿರುತ್ತದೆ. ಹದ ಆರಿಹೋದೀತೆಂಬ ಅವಸರದಲ್ಲಿ ಸಿಕ್ಕಿದ ಚೀಲವನ್ನೇ ತಂದು ಬಿತ್ತುತ್ತಾರೆ. ಎರಡು ಎಕರೆಗೆ ಬೇಕಾಗುವುದು ಎಂಟು ಕಿಲೋ ಬೀಜ, ರಾಗಿ ಬೀಜ ಸುಲಭವಾಗಿ ಕೆಡುವುದೂ ಇಲ್ಲ. ದೀರ್ಘಾವಧಿಯದೊಂದು, ಅಲ್ಪಾವಧಿಯದೊಂದು, ಎರಡು ಬಗೆಯ ಬೀಜವನ್ನೂ ಮೇ ತಿಂಗಳಲ್ಲೇ ತಂದಿಡಿ. ಚೀಲದ ಮೇಲೆ ತಳಿಯ ಹೆಸರಿನ ಜೊತೆ ಅದರ ದಿನಗಳನ್ನೂ ದೊಡ್ಡದಾಗಿ ಬರೆದಿಡಿ. ಜುಲೈ 20ರವರೆಗೆ ಹದ ಸಿಗದಿದ್ದರೆ ಮೊದಲ ಚೀಲವನ್ನು ಮುಂದಿನ ವರ್ಷಕ್ಕೆ ಕಟ್ಟಿಡಿ.